ಮಗುವಿನ ನಾಮಕರಣದ ಕಾಗದ: ಹೊತ್ತು, ಉಡುಪು, ತರುವ ಸಾಮಾನು, ಮೂರನ್ನೂ ಬರೆದ ಬಗೆ

ತಮ್ಮನ ಮಗಳ ನಾಮಕರಣದ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮನೆ ಇರುವುದು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಬರುವವರು ಮಾತ್ರ ನಾಲ್ಕು ದಿಕ್ಕಿನವರು. ಪೆರ್ಲ, ಅಡೂರು ಕಡೆಯ ಹಿರಿಯರು ಬಸ್ಸಿನಲ್ಲಿ ಬರುತ್ತಾರೆ. ಮಂಗಳೂರಿನವರು ತಲಪಾಡಿ ದಾಟಿ ಕಾರಿನಲ್ಲಿ ಬರುತ್ತಾರೆ. ಬೆಂಗಳೂರಿನವರು ಕಣ್ಣೂರು ರೈಲು ಹತ್ತಿ ಬೆಳಿಗ್ಗೆ ಕಾಸರಗೋಡಿನಲ್ಲಿ ಇಳಿಯುತ್ತಾರೆ. ಮಗುವಿನ ತಾಯಿ, ನನ್ನ ಅತ್ತಿಗೆಯ ತವರಿನವರು ಮುಳ್ಳೇರಿಯದ ಆಚೆಯಿಂದ ಬಾಣಂತಿ, ಮಗು ಇಬ್ಬರನ್ನೂ ಕರೆದುಕೊಂಡು ಬರಬೇಕು.

ಅಪ್ಪ ಹಳೆಯ ಕಾಗದಗಳ ಕಟ್ಟು ತಂದುಕೊಟ್ಟರು. ಬ್ರಹ್ಮೋಪದೇಶ, ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲವೂ ಅದರಲ್ಲಿದ್ದವು. ಓದುತ್ತಾ ಹೋದರೆ ಮಾತು ಒಂದೇ. ಸಂವತ್ಸರ, ಮಾಸ, ತಾರೀಕು, ಲಗ್ನ, ಸುಮುಹೂರ್ತ. ಕೊನೆಗೆ ‘ತಾವು ಸಕುಟುಂಬಿಕರಾಗಿ ಆಗಮಿಸಿ, ಶಿಶುವನ್ನು ಆಶೀರ್ವದಿಸಿ, ನಮ್ಮನ್ನು ಚಂದಗಾಣಿಸಿಕೊಡಬೇಕಾಗಿ ಅಪೇಕ್ಷಿಸುವ’ ಎಂದು ಮನೆಯವರ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಧ್ಯಾಹ್ನ ಭೋಜನ: ಗಂಟೆ 12.30ಕ್ಕೆ’.

ಈ ಕಾಗದದಲ್ಲಿ ಒಂದು ತೊಡಕಿದೆ. ಮುಹೂರ್ತ 10.20 ಎಂದು ಬರೆದರೆ ಅದು ಭಟ್ಟರಿಗೆ ಬೇಕಾದ ಹೊತ್ತು. ಬರುವವರ ಕಣ್ಣು ಹೋಗುವುದು 12.30ರ ಮೇಲೆ. ಕೆಲಸ ಬಿಟ್ಟು ಬರುವವರು ಊಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಮನೆಯಿಂದ ಹೊರಡುತ್ತಾರೆ. ಅದು ಅವರ ತಪ್ಪಲ್ಲ, ಕಾಗದ ಹೇಳಿದ್ದೇ ಅಷ್ಟು. ನಮ್ಮ ದಾಯಾದಿಗಳ ಮನೆಯ ಒಂದು ನಾಮಕರಣದಲ್ಲಿ ಹೀಗೇ ಆಗಿತ್ತು. ಉಡಿದಾರ ತರಬೇಕಾದ ಸೋದರಮಾವ ಬಂದು ಇಳಿಯುವಾಗ ಮಗುವಿಗೆ ಹೆಸರಿಟ್ಟು, ತೊಟ್ಟಿಲು ತೂಗಿ ಆಗಿತ್ತು. ಪಾಪ, ಅವರಿಗೂ ಬೇಜಾರು, ಮನೆಯವರಿಗೂ ಬೇಜಾರು.

ಹಾಗಾಗಿ ಬರೆಯುವ ಮೊದಲು ಆ ದಿನದ ಬೆಳಗು ಹೇಗೆ ಹೋಗುತ್ತದೆ ಎಂದು ಪುರೋಹಿತರಾದ ಬಟ್ಟಮಾವನಲ್ಲಿ ಕೇಳಿ ಒಂದು ಹಾಳೆಯಲ್ಲಿ ಇಳಿಸಿದೆ. ಗಣಹೋಮ 7.30ಕ್ಕೆ ಶುರು, ಒಂಬತ್ತರ ಹೊತ್ತಿಗೆ ಪೂರ್ಣಾಹುತಿ. ಅದಾದ ಮೇಲೆ ಪುಣ್ಯಾಹ. ಮಕರ ಲಗ್ನ ಇರುವಾಗಲೇ, 10.20ರಿಂದ 11 ಗಂಟೆಯ ಒಳಗೆ, ನಾಮಕರಣ. ಹರಿವಾಣದಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಲ್ಲಿ ಹೆಸರು ಬರೆದು, ಮಗುವಿನ ಅಪ್ಪ ಅದರ ಬಲಕಿವಿಯಲ್ಲಿ ಹೇಳುವುದು ಆಗಲೇ. ಆಮೇಲೆ ಉಡಿದಾರ, ತೊಟ್ಟಿಲು, ಮಂತ್ರಾಕ್ಷತೆ, ಊಟ.

ಈ ಹಾಳೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಎಲ್ಲರಿಗೂ ಒಂದೇ ಹೊತ್ತು ಹೇಳಿದರೆ ಆಗುವುದಿಲ್ಲ. ಮಗುವೇ ಬರಬೇಕಾದ್ದರಿಂದ ತವರಿನವರು ಎಲ್ಲರಿಗಿಂತ ಮೊದಲು ಬರಬೇಕು. ಆದರೆ ಹೋಮದ ಹೊಗೆ ಇರುವಾಗ ಮೂರು ತಿಂಗಳ ಮಗು ಅಂಗಳದಲ್ಲಿರುವುದು ಒಳ್ಳೆಯದಲ್ಲ. ಅವರಿಗೆ 8.30 ಸರಿಯಾದ ಹೊತ್ತು. ಬಂದವರು ನೇರ ಒಳಕೋಣೆಗೆ ಹೋಗಿ, ಮಗುವಿಗೆ ಹಾಲು ಕೊಟ್ಟು ಒಂದು ನಿದ್ದೆ ಮಾಡಿಸಿದರೆ 10.20ಕ್ಕೆ ಅದು ಅಳದೆ ಮಡಿಲಲ್ಲಿ ಕೂರುತ್ತದೆ. ಉಳಿದ ನೆಂಟರಿಗೆ 9.30. ಅಕ್ಕಪಕ್ಕದ ಮನೆಯವರು 10ಕ್ಕೆ ಬಂದರೂ ಸಾಕು.

ಮೊದಲ ಕರಡಿನಲ್ಲಿ ಹೊತ್ತಿನ ಸಾಲು ಹೀಗಿತ್ತು: ‘9.30ಕ್ಕೆ ತಮ್ಮನ್ನು ಎದುರುಗೊಳ್ಳಲು ಕಾದಿರುತ್ತೇವೆ.’ ಕೇಳುವುದಕ್ಕೆ ಚಂದ. ಅದನ್ನು ಅಮ್ಮನಿಗೆ ಓದಿ ಹೇಳಿ, ‘ನೀನು ಪೆರ್ಲದಲ್ಲಿದ್ದರೆ ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತೀ?’ ಎಂದು ಕೇಳಿದೆ. ‘ಹತ್ತು ಗಂಟೆಯ ಬಸ್ಸಿಗೆ’ ಎಂದರು ಅಮ್ಮ. ಅಂದರೆ ಆ ಸಾಲು ಮರ್ಯಾದೆ ಹೇಳಿತೇ ಹೊರತು ಹೊತ್ತು ಹೇಳಲಿಲ್ಲ. ಮುಂದಿನದು ‘9.30ರ ಒಳಗೆ ಬಂದು ಸೇರಬೇಕು’. ಇದು ಅಪ್ಪನಿಗೆ ಹಿಡಿಸಲಿಲ್ಲ. ‘ದೊಡ್ಡವರಿಗೆ ಹೀಗೆ ಬರೆಯುವುದಾ? ಆಫೀಸಿನ ನೋಟೀಸಿನ ಹಾಗೆ ಕಾಣುತ್ತದೆ’ ಎಂದರು. ಅಡಿಗೆಮನೆಯಿಂದ ದೊಡ್ಡಮ್ಮ ಹೇಳಿದರು, ‘ಎಂತಕೆ ಹೇಳಿಯೂ ಬರೆ, ಆಗ ಎಲ್ಲ ಸರಿ ಆವುತ್ತು.’

ಅದೇ ಕೀಲಿ. ಬರಬೇಕಾದ ಹೊತ್ತಿನ ಪಕ್ಕದಲ್ಲೇ ಕಾರಣ ಇದ್ದರೆ ‘ಬರಬೇಕು’ ಎಂಬ ಮಾತು ಅಪ್ಪಣೆಯ ಹಾಗೆ ಕೇಳುವುದಿಲ್ಲ. ಆ ಕಾರಣ ಮನೆಯವರ ಅನುಕೂಲದ್ದಾಗಬಾರದು, ಮಗುವಿನದ್ದಾಗಬೇಕು. ‘ಕಾರ್ಯಕ್ರಮ ಸಮಯಕ್ಕೆ ಸರಿಯಾಗಿ ಆರಂಭವಾಗುತ್ತದೆ’ ಎಂದು ಬರೆದರೆ ಯಾರೂ ನಂಬುವುದಿಲ್ಲ. ಎಲ್ಲ ಕಾಗದದಲ್ಲೂ ಅದು ಇರುತ್ತದಲ್ವಾ? ‘10.20ಕ್ಕೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ನೀವು ಹತ್ತಿರ ಇರಬೇಕು, ಅದಕ್ಕೆ 9.30ರ ಒಳಗೆ ಬನ್ನಿ’ ಎಂದರೆ ಓದುವವರಿಗೆ ಆ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂದು ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ಬದಲಾವಣೆ ಇದಕ್ಕಿಂತಲೂ ಹೆಚ್ಚು ಕೆಲಸ ಮಾಡಿತು. ಊಟದ ಗಂಟೆಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ತಿಂಡಿಯ ಗಂಟೆ ಹಾಕಿದೆ. ‘ಕಾಫಿ, ತಿಂಡಿ: ಬೆಳಿಗ್ಗೆ 8.30ರಿಂದ 9.45ರ ವರೆಗೆ.’ ಊಟಕ್ಕೆ ‘ಮಂತ್ರಾಕ್ಷತೆಯ ನಂತರ’ ಎಂದಷ್ಟೇ. ತಿಂಡಿಗೆ ಮುಗಿಯುವ ಹೊತ್ತು ಇದ್ದರೆ ಜನ ತಾವಾಗಿ ಬೇಗ ಹೊರಡುತ್ತಾರೆ. ದೂರದಿಂದ ಬರುವವರು ಮನೆಯಲ್ಲಿ ತಿಂದು ಹೊರಡುವ ಗಡಿಬಿಡಿಯೂ ಇಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಊಟ ಎಷ್ಟು ಹೊತ್ತಿಗೆ ಎಂದು ತಿಳಿಯಲೇಬೇಕು. ಅವರಿಗೆ ಹೇಳಿಕೆಗೆ ಹೋದಾಗ ಬಾಯಲ್ಲೇ ಹೇಳಿದೆವು. ಹಂತಿ ಹನ್ನೆರಡೂವರೆಗೆ, ಬೇಕಾದರೆ ಹನ್ನೆರಡಕ್ಕೇ ಒಳಗೆ ಎಲೆ ಹಾಕುತ್ತೇವೆ ಎಂದು.

ತಾರೀಕಿನ ಸಾಲಿನಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಸೌರಮಾಸದ ದಿನ ಬರೆಯುವ ಕ್ರಮ ಇದೆ, ‘ವೃಶ್ಚಿಕ ಮಾಸ ದಿನ ಇಷ್ಟು ಸಲುವ’ ಎಂದು. ಗೋಡೆಯಲ್ಲಿರುವುದು ಮಲಯಾಳ ಕ್ಯಾಲೆಂಡರ್, ಬಟ್ಟಮಾವನ ಕೈಯಲ್ಲಿರುವುದು ಮಂಗಳೂರು ಕಡೆಯ ಪಂಚಾಂಗ. ತುಳುನಾಡಿನ ಲೆಕ್ಕದಲ್ಲಿ ಸಂಕ್ರಮಣದ ಮರುದಿನ ತಿಂಗಳ ಮೊದಲ ದಿನ. ಕೇರಳದ ಲೆಕ್ಕದಲ್ಲಿ ಸಂಕ್ರಮಣ ಯಾವ ಹೊತ್ತಿಗೆ ಆಗುತ್ತದೆ ಎಂಬುದನ್ನು ನೋಡಿ ಅದೇ ದಿನವೂ ಒಂದನೇ ದಿನ ಆಗಬಹುದು. ಹಾಗಾಗಿ ಕೆಲವು ತಿಂಗಳು ಒಂದು ದಿನದ ವ್ಯತ್ಯಾಸ ಬರುತ್ತದೆ. ದಿನದ ಸಂಖ್ಯೆ ನೋಡಿ ಬರುವವರು ಈಗಲೂ ಇದ್ದಾರೆ. ಅದಕ್ಕೆ ಮಾಸ ಮಾತ್ರ ಉಳಿಸಿ, ಸಂಖ್ಯೆ ಬಿಟ್ಟೆ. ತಾರೀಕು, ವಾರ ಎರಡನ್ನೂ ದಪ್ಪ ಅಕ್ಷರದಲ್ಲಿ ಹಾಕಿದೆ.

ಇನ್ನು ಉಡುಪು. ನಮ್ಮ ಕಡೆಯ ಕಾಗದದಲ್ಲಿ ಏನು ಉಡಬೇಕು ಎಂದು ಬರೆಯುವ ರೂಢಿಯೇ ಇಲ್ಲ. ಆದರೆ ಬೆಂಗಳೂರಿನ ಮಕ್ಕಳು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಅದೇ. ತಂಗಿಯ ಮಗಳು ‘ಎಲ್ಲರೂ ಹಳದಿ ಬಣ್ಣ ಹಾಕೋಣ, ಫೋಟೋ ಚೆನ್ನಾಗಿ ಬರುತ್ತದೆ’ ಎಂದಳು. ನಾನು ಬೇಡ ಎಂದೆ. ಬಣ್ಣ ಹೇಳಿದರೆ ಒಂದು ದಿನಕ್ಕೋಸ್ಕರ ಸೀರೆ ಕೊಳ್ಳಬೇಕಾಗುತ್ತದೆ, ಕೊಳ್ಳಲಾಗದವರು ಮುಜುಗರ ಪಡುತ್ತಾರೆ. ಮನೆಯ ಕಪಾಟಿನಲ್ಲಿ ಇರುವುದನ್ನೇ ಉಟ್ಟು ಬರುವ ಹಾಗೆ ಸಾಲು ಇರಬೇಕು.

ಹಾಗಾದರೆ ನಿಜವಾಗಿ ಹೇಳಬೇಕಾದದ್ದು ಏನು? ಆ ಬೆಳಿಗ್ಗೆ ಬಟ್ಟೆಯಿಂದ ತೊಂದರೆ ಆಗಬಹುದಾದ ಜಾಗಗಳನ್ನು ಯೋಚಿಸಿದೆ. ಒಂದು, ಹೋಮದ ಹತ್ತಿರ. ಅಲ್ಲಿ ಕೂರುವವರ ಸೆರಗು, ಶಾಲು ನೈಲಾನಿನದ್ದಾದರೆ ಕಿಡಿ ತಾಗಿದ ಕೂಡಲೇ ಕರಗಿ ಮೈಗೆ ಅಂಟುತ್ತದೆ. ಎರಡು, ಮಗುವನ್ನು ಎತ್ತುವಾಗ. ಜರಿಯ ಅಂಚು, ಸೀರೆಗೆ ಚುಚ್ಚಿದ ಪಿನ್ನು, ಕಲ್ಲಿನ ಪದಕ, ಇವು ಮಗುವಿನ ಕೆನ್ನೆಗೆ ಗೀರುತ್ತವೆ. ಅತ್ತಿಗೆ ಇದನ್ನು ತೋರಿಸಿಯೇ ಕೊಟ್ಟಳು. ತನ್ನ ರೇಷ್ಮೆ ಸೀರೆಯ ಅಂಚನ್ನು ನನ್ನ ಮೊಣಕೈಯ ಒಳಬದಿಗೆ ಒಮ್ಮೆ ಎಳೆದಳು. ಕೆಂಪು ಗೆರೆ ಬಿತ್ತು. ದೊಡ್ಡವಳಾದ ನನಗೇ ಹಾಗಾದರೆ! ಸೆಂಟಿನ ಘಾಟೂ ಬೇಡ. ಮೂರು, ಊಟ. ಚಪ್ಪರದಲ್ಲಿ ಮೇಜು ಸ್ವಲ್ಪವೇ, ಹೆಚ್ಚಿನವರು ನೆಲದ ಹಂತಿಯಲ್ಲಿ ಕೂರಬೇಕು. ಚಕ್ಕಳಮಕ್ಕಳ ಹಾಕಲು ಆಗದ ಬಿಗಿ ಪ್ಯಾಂಟು ತೊಟ್ಟವರಿಗೆ ಊಟ ಸುಖವಾಗುವುದಿಲ್ಲ.

ಹೋಮಕ್ಕೆ ಕೂರುವವರು ಮನೆಯವರೇ. ಅದನ್ನು ಕಾಗದದಲ್ಲಿ ಹಾಕುವ ಅಗತ್ಯ ಇಲ್ಲ, ಬಾಯಿಮಾತು ಸಾಕು. ಉಳಿದ ಎರಡು ಒಂದೇ ಸಾಲಿಗೆ ಬಂದವು: ‘ನೆಲದ ಹಂತಿಯಲ್ಲಿ ಕೂರಲು, ಮಗುವನ್ನು ಎತ್ತಿಕೊಳ್ಳಲು ಅನುಕೂಲವಾಗುವ ಸಾದಾ ಹತ್ತಿಬಟ್ಟೆ ಉಟ್ಟು ಬಂದರೆ ಸಂತೋಷ.’ ಸೀರೆ, ಚೂಡಿದಾರ, ಪಂಚೆ, ಪ್ಯಾಂಟು ಯಾವುದನ್ನೂ ಹೆಸರಿಸಲಿಲ್ಲ. ಹೆಸರಿಸಿದರೆ ಬಿಟ್ಟುಹೋದದ್ದು ನಿಷೇಧ ಎಂದು ಜನ ತಿಳಿಯುತ್ತಾರೆ. ಇಲ್ಲಿ ‘ಬಂದರೆ ಸಂತೋಷ’ ಎಂದು ಮೃದು ಮಾಡಿದ್ದು ಬೇಕೆಂದೇ. ಹೊತ್ತು ತಪ್ಪಿದರೆ ಕಾರ್ಯ ತಪ್ಪುತ್ತದೆ, ಅದಕ್ಕೆ ‘ಬನ್ನಿ’ ಎಂದು ನೇರ ಹೇಳಬೇಕು. ರೇಷ್ಮೆ ಉಟ್ಟು ಬಂದವರಿಂದ ಏನೂ ಹಾಳಾಗುವುದಿಲ್ಲ, ಹೆಗಲ ಮೇಲೆ ಒಂದು ಮೆತ್ತಗಿನ ಬೈರಾಸು ಹಾಕಿ ಮಗುವನ್ನು ಕೊಟ್ಟರಾಯಿತು.

ತರುವ ಸಾಮಾನಿನ ಮಾತು ಎಲ್ಲಕ್ಕಿಂತ ಕಷ್ಟದ್ದು. ಎರಡು ಬಗೆಯ ಸಾಮಾನು ಇದರಲ್ಲಿ ಕಲಸಿಹೋಗುತ್ತದೆ. ಒಂದು ಉಡುಗೊರೆ, ಇನ್ನೊಂದು ಕ್ರಮಕ್ಕೆ ಬೇಕಾದ ವಸ್ತು. ಉಡುಗೊರೆ ಬೇಡ ಎಂದು ಹೇಳುವ ಹಳೆಯ ಸಾಲು ‘ಆಶೀರ್ವಾದವೇ ಉಡುಗೊರೆ’. ಚಿಕ್ಕಮ್ಮನಿಗೆ ಅದನ್ನು ಓದಿ, ‘ಈಗ ಚೀಲದಲ್ಲಿ ಏನಿರುತ್ತದೆ?’ ಎಂದು ಕೇಳಿದೆ. ‘ಮಗುವಿಗೆ ಒಂದು ಜೊತೆ ಅಂಗಿ, ಮತ್ತೊಂದು ಕವರು’ ಎಂದರು. ಆ ಸಾಲನ್ನು ಎಲ್ಲರೂ ಬರೆಯುತ್ತಾರೆ, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರಿ ‘ಉಡುಗೊರೆ ಬೇಡ’ ಎಂದರೂ ಪೂರಾ ಆಗುವುದಿಲ್ಲ. ಮಗುವನ್ನು ನೋಡಲು ಬರಿಗೈಯಲ್ಲಿ ಹೋಗುವುದು ನಮ್ಮವರಿಗೆ ಒಗ್ಗುವುದೇ ಇಲ್ಲ. ಬೇಡ ಎನ್ನುವುದರ ಜೊತೆಗೆ, ತರಬಹುದಾದ ಒಂದು ಸಣ್ಣ ವಸ್ತುವನ್ನೂ ಹೇಳಬೇಕು.

ನಾವು ಆರಿಸಿದ್ದು ಹೂ. ನವೆಂಬರ್ ಕೊನೆಯಲ್ಲಿ ಎಲ್ಲರ ಅಂಗಳದಲ್ಲೂ ಏನಾದರೂ ಇರುತ್ತದೆ. ಅಬ್ಬಲಿಗೆ, ಗೊಂಡೆ, ಕೇಪುಳ, ನಂದಿಬಟ್ಟಲು. ತೊಟ್ಟಿಲಿಗೆ ಕಟ್ಟಲು ಹೇಗೂ ಹೂ ಬೇಕು. ದುಡ್ಡು ಕೊಟ್ಟು ತರುವುದಲ್ಲ, ಅದಕ್ಕೆ ‘ನಿಮ್ಮ ಅಂಗಳದ’ ಎಂದು ಸೇರಿಸಿದೆ. ಆ ಎರಡು ಶಬ್ದ ಇಲ್ಲದಿದ್ದರೆ ಮಂಗಳೂರಿನವರು ಮಾರ್ಕೆಟ್ಟಿಗೆ ಹೋಗಿ ಅಟ್ಟಿಗಟ್ಟಲೆ ಮಲ್ಲಿಗೆ ತರುತ್ತಾರೆ.

ಕ್ರಮಕ್ಕೆ ಬೇಕಾದ ವಸ್ತುವನ್ನು ಮಾತ್ರ ಕಾಗದದಲ್ಲಿ ಬರೆಯಲೇಬಾರದು. ನಮ್ಮ ಮನೆಯ ಪದ್ಧತಿಯಲ್ಲಿ ಉಡಿದಾರ ಸೋದರಮಾವನದ್ದು, ತೊಟ್ಟಿಲಿಗೆ ಹಾಸುವ ಹಳೆಯ ಹತ್ತಿಸೀರೆ ತಾಯಿಯ ತವರಿನ ಅಜ್ಜಿಯದ್ದು. ಇದನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಅಚ್ಚು ಹಾಕಿಸಿದರೆ ಕೇಳಿ ಪಡೆದ ಹಾಗಾಗುತ್ತದೆ. ಬೆಳ್ಳಿಯದ್ದಾ, ಚಿನ್ನದ್ದಾ ಎಂದು ಊರಿಗೆಲ್ಲ ಲೆಕ್ಕವೂ ಸಿಗುತ್ತದೆ. ಅದಕ್ಕೆ ಕಾಗದದ ಒಳಗೆ ಇಡುವ ಕೈಬರಹದ ಚೀಟಿ ಮಾಡಿದೆ. ಮನೆಗೊಂದು, ಅವರಿಗೆ ಮಾತ್ರ. ಸೋದರಮಾವನ ಚೀಟಿ ಇದು:

‘ಮಾವ, ಉಡಿದಾರ ಕಟ್ಟುವುದು 11ರ ಹೊತ್ತಿಗೆ. ಕರಿನೂಲಿನದ್ದೇ ಸಾಕು, ಮಗುವಿನ ಸೊಂಟದ ಅಳತೆಯ ನೂಲು ಈ ಚೀಟಿಯ ಜೊತೆ ಇದೆ. ಅದಕ್ಕಿಂತ ಎರಡು ಬೆರಳು ಉದ್ದ ಇರಲಿ. ನೀವು 8.30ಕ್ಕೆ ಅಕ್ಕನ ಜೊತೆಯಲ್ಲೇ ಬನ್ನಿ.’

ನೂಲು ಇಟ್ಟದ್ದು ಅತ್ತಿಗೆಯ ಉಪಾಯ. ಬಾಯಲ್ಲಿ ಅಳತೆ ಹೇಳಿದರೆ ಮಾಡುವವರು ಅಂದಾಜು ಹಾಕುತ್ತಾರೆ, ಬಿಗಿಯಾದರೆ ಮಗುವಿಗೆ ಹಿಂಸೆ. ‘ಕರಿನೂಲಿನದ್ದೇ ಸಾಕು’ ಎಂದದ್ದರಿಂದ ಕೈಲಾದದ್ದನ್ನು ತರುವ ದಾರಿ ಅವರಿಗೆ ತೆರೆದೇ ಇರುತ್ತದೆ, ಖರ್ಚಿನ ಒತ್ತಡ ಇರುವುದಿಲ್ಲ.

ಇನ್ನೊಂದು ಸಾಲು ನಾನು ಹಟ ಹಿಡಿದು ಹಾಕಿಸಿದ್ದು. ಶೀತ, ಕೆಮ್ಮು ಇದ್ದವರ ವಿಷಯ. ದೊಡ್ಡವರಿಗೆ ಸಾಮಾನ್ಯ ನೆಗಡಿಯಾದದ್ದು ಮೂರು ತಿಂಗಳ ಮಗುವಿಗೆ ಉಸಿರಾಟದ ತೊಂದರೆ ಆಗಿ ಬೆಳೆಯಬಹುದು. ಅಪ್ಪನಿಗೆ ಇದು ಮಂಗಳ ಕಾಗದದಲ್ಲಿ ಬರಬಾರದ ಮಾತು ಎನಿಸಿತು. ಅದನ್ನು ‘ಬರಬೇಡಿ’ ಎಂದು ಬರೆಯದೆ, ಎಲ್ಲಿಂದ ಆಶೀರ್ವಾದ ಮಾಡಬಹುದು ಎಂದು ಬರೆದಾಗ ಒಪ್ಪಿದರು. ಮುತ್ತಿಡಬೇಡಿ ಎಂಬುದು ಕಾಗದಕ್ಕೆ ಬೇಡ. ಅದನ್ನು ತೊಟ್ಟಿಲ ಹತ್ತಿರ ನಿಂತು ನಾನೇ ಹೇಳುವುದೆಂದು ಆಯಿತು.

ಕೊನೆಗೆ ಅಚ್ಚಿಗೆ ಹೋದ ಕಾಗದ ಹೀಗಿದೆ. ಮನೆಯವರ ಹೆಸರು, ಫೋನು ಬಿಟ್ಟಿದ್ದೇನೆ.

॥ ಶ್ರೀ ಗಣೇಶಾಯ ನಮಃ ॥

ನಾಮಕರಣದ ಹೇಳಿಕೆ

ಆತ್ಮೀಯರೇ,

ವಿಶ್ವಾವಸು ಸಂವತ್ಸರದ ವೃಶ್ಚಿಕ ಮಾಸ, ತಾರೀಕು 30-11-2025ನೇ ಆದಿತ್ಯವಾರ ಬೆಳಿಗ್ಗೆ 10.20ಕ್ಕೆ ಮಕರ ಲಗ್ನದಲ್ಲಿ ನಮ್ಮ ಮೊಮ್ಮಗಳಿಗೆ ನೀರ್ಚಾಲಿನ ನಮ್ಮ ಮನೆಯಲ್ಲಿ ಹೆಸರಿಡುವುದೆಂದು ಗುರುಹಿರಿಯರು ನಿಶ್ಚಯಿಸಿದ್ದಾರೆ.

ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ನೀವೆಲ್ಲ ಹತ್ತಿರ ಇರಬೇಕೆಂದು ನಮ್ಮ ಆಸೆ. ಅದಕ್ಕಾಗಿ 9.30ರ ಒಳಗೆ ಬನ್ನಿ. ಕಾಫಿ, ತಿಂಡಿ 8.30ರಿಂದ 9.45ರ ವರೆಗೆ. ಮಂತ್ರಾಕ್ಷತೆಯ ನಂತರ ಊಟ.

ನೆಲದ ಹಂತಿಯಲ್ಲಿ ಕೂರಲು, ಮಗುವನ್ನು ಎತ್ತಿಕೊಳ್ಳಲು ಅನುಕೂಲವಾಗುವ ಸಾದಾ ಹತ್ತಿಬಟ್ಟೆ ಉಟ್ಟು ಬಂದರೆ ಸಂತೋಷ.

ಉಡುಗೊರೆ, ಕವರು ದಯವಿಟ್ಟು ಬೇಡ. ತೊಟ್ಟಿಲಿಗೆ ಕಟ್ಟಲು ನಿಮ್ಮ ಅಂಗಳದ ಒಂದು ಹಿಡಿ ಹೂ ತನ್ನಿ.

ಶೀತ, ಜ್ವರ, ಕೆಮ್ಮು ಇದ್ದವರು ಮನೆಯಿಂದಲೇ ಫೋನಿನಲ್ಲಿ ಆಶೀರ್ವದಿಸಿ. ಗುಣವಾದ ಮೇಲೆ ಯಾವ ದಿನ ಬಂದರೂ ಮಗುವನ್ನು ನಿಮ್ಮ ಮಡಿಲಿಗೆ ಕೊಡುತ್ತೇವೆ.

ಸಕುಟುಂಬಿಕರಾಗಿ ಬಂದು, ಮಗುವನ್ನು ಆಶೀರ್ವದಿಸಿ, ನಮ್ಮನ್ನು ಚಂದಗಾಣಿಸಿಕೊಡಬೇಕು.

ದಾರಿ: ಹೆದ್ದಾರಿಯಿಂದ ಬರುವವರು ಕುಂಬಳೆಯಲ್ಲಿ ಬದಿಯಡ್ಕ ರಸ್ತೆಗೆ ತಿರುಗಿ, ಸೀತಾಂಗೋಳಿ ದಾಟಿ ನೀರ್ಚಾಲು.

ಅಚ್ಚಿನ ಮನೆಯಲ್ಲಿ ಒಂದು ಕೆಲಸ ಜಾಸ್ತಿ ಆಯಿತು. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಕ್ಷರ. ಅವರ ಹಳೆಯ ವಿನ್ಯಾಸದ ತಂತ್ರಾಂಶಕ್ಕೆ ಅದು ಸರಿಯಾಗಿ ಕೂರುವುದಿಲ್ಲ. ಪರದೆಯಲ್ಲಿ ‘ಆಶೀರ್ವದಿಸಿ’ಯ ಅರ್ಕಾವತ್ತು ಕಳಚಿ ‘ರ್’ ಬೇರೆ, ‘ವ’ ಬೇರೆ ಆಗಿತ್ತು. ‘ಮಂತ್ರಾಕ್ಷತೆ’ಯ ಒತ್ತೂ ಬಿಡಿಬಿಡಿ. ಪರಿವರ್ತಕದಲ್ಲಿ ಹಾಕಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಾಯಿಸಿದ ಮೇಲೆ ಸರಿಯಾಯಿತು. ಬದಲಾಯಿಸುವಾಗ ಅಂಕಿಗಳು ಕನ್ನಡ ಅಂಕಿಯಾಗಿ ಬಂದವು. ಮಲಯಾಳ ಶಾಲೆಯಲ್ಲಿ, ಇಂಗ್ಲಿಷ್ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ೬ ಯಾವುದು, ೯ ಯಾವುದು ಎಂದು ಗೊಂದಲ ಆಗುತ್ತದೆ. 9.30 ಎಂಬುದನ್ನು 6.30 ಎಂದು ಓದಿದರೆ ಏನು ಗತಿ? ಅವನ್ನು ಮತ್ತೆ ಇಂಗ್ಲಿಷ್ ಅಂಕಿಗೇ ತಂದೆವು. ಕರಡಚ್ಚು ಕೈಗೆ ಬಂದಾಗ ಪೂರ್ತಿ ಓದುವ ಮೊದಲು ಒತ್ತಕ್ಷರ ಇರುವ ಶಬ್ದಗಳನ್ನೂ ಅಂಕಿಗಳನ್ನೂ ಮಾತ್ರ ಬೆರಳಿಟ್ಟು ನೋಡಬೇಕು. ತಪ್ಪು ಕೂರುವುದು ಅಲ್ಲೇ.

ಪಕ್ಕದ ಮನೆಗಳ ಮಲಯಾಳದವರಿಗೆ ಕಾಗದದ ಹಿಂಬದಿಯಲ್ಲಿ ಮಲಯಾಳದಲ್ಲಿ ದಿನ, ಹೊತ್ತು, ಹೂವಿನ ಸಾಲು ಇಷ್ಟನ್ನೇ ಹಾಕಿಸಿದೆವು. ಅವರಲ್ಲಿ ಮಗುವಿಗೆ ಇಪ್ಪತ್ತೆಂಟನೆಯ ದಿನ ನೂಲು ಕಟ್ಟುವ ಕ್ರಮ. ಮೂರನೇ ತಿಂಗಳಲ್ಲಿ ಉಡಿದಾರ ಎಂದರೆ ಯಾಕೆ ಎಂದು ಕೇಳುತ್ತಾರೆ, ಅದನ್ನು ವಿವರಿಸುವುದು ಬೇಲಿಯ ಹತ್ತಿರ ನಿಂತು ಮಾತಾಡುವ ಕೆಲಸ.

ವಾಟ್ಸಾಪಿನಲ್ಲಿ ಕಾಗದದ ಚಿತ್ರ ಮೊದಲೇ ಹೋಗಿತ್ತು. ಎರಡು ದಿನ ಮುಂಚೆ ಬರಿ ಅಕ್ಷರದಲ್ಲಿ ಒಂದು ಸಂದೇಶ ಹಾಕಿದೆ. ‘ಆದಿತ್ಯವಾರ 9.30ರ ಒಳಗೆ. ತಿಂಡಿ ಇಲ್ಲೇ. ಹತ್ತಿಬಟ್ಟೆ. ಅಂಗಳದ ಹೂ.’ ಅದರ ಕೆಳಗೆ ಮನೆಯ ಲೊಕೇಶನ್. ಚಿತ್ರವನ್ನು ಬಸ್ಸಿನಲ್ಲಿ ಕೂತು ಹಿಗ್ಗಿಸಿ ಓದುವುದು ಹಿರಿಯರಿಗೆ ಕಷ್ಟ. ಅಕ್ಷರವಾದರೆ ಹುಡುಕಿದರೆ ಸಿಗುತ್ತದೆ, ಬೇರೆಯವರಿಗೆ ದಾಟಿಸಲೂ ಸುಲಭ.

ಆ ದಿನ ಹೆಸರಿಡುವ ಹೊತ್ತಿಗೆ ಚಪ್ಪರ ತುಂಬಿತ್ತು. ಸೋದರಮಾವ ಎಲ್ಲರಿಗಿಂತ ಮೊದಲೇ ಬಂದಿದ್ದರು, ಉಡಿದಾರ ಅಳತೆಗೆ ಸರಿಯಾಗಿ ಕೂತಿತು. ಬಟ್ಟೆಯ ಸಾಲನ್ನು ಅರ್ಧ ಜನ ಪಾಲಿಸಿದರು, ಉಳಿದರ್ಧಕ್ಕೆ ಬೈರಾಸು ಇತ್ತು. ಕವರು ತಂದ ಕೆಲವು ಹಿರಿಯರಿಗೆ ಅಪ್ಪ ಕೈಮುಗಿದು ವಾಪಸು ಕೊಟ್ಟರು. ಕಾಗದದಲ್ಲಿ ಬರೆದಿದ್ದರಿಂದ ಯಾರಿಗೂ ಬೇಸರ ಆಗಲಿಲ್ಲ. ಹೂ ಮಾತ್ರ ಬುಟ್ಟಿ ಬುಟ್ಟಿ ಬಂತು, ಹೆಚ್ಚಿನದು ಬಿಡಿ ಹೂ. ಬೆಳಿಗ್ಗೆಯ ಗಡಿಬಿಡಿಯಲ್ಲಿ ಅದನ್ನು ಕಟ್ಟಲು ಕೈ ಸಾಲಲಿಲ್ಲ. ತಂಗಿಯ ಮನೆಯಲ್ಲಿ ಮೀನ ಮಾಸದಲ್ಲಿ ಅನ್ನಪ್ರಾಶನ ಇದೆ, ಅದರ ಕಾಗದಕ್ಕೂ ಇದೇ ಸಾಲು ಬೇಕೆಂದು ಕೇಳಿದ್ದಾಳೆ. ಅವಳಿಗೆ ಕಳಿಸುವಾಗ ‘ನಿಮ್ಮ ಅಂಗಳದ ಹೂವಿನ ಒಂದು ಮೊಳ ಮಾಲೆ’ ಎಂದು ತಿದ್ದಿದ್ದೇನೆ.